ಮೊದಲು ನೋಡಿದ್ದು ಯಾವ ವಿಡಿಯೊ?

ಧಾರಾವಾಹಿಯೊಂದು ನೋಡುಗರನ್ನು ಹಿಡಿದು ಕೂರಿಸುವುದು ಯಾವ ಕಂತಿನಲ್ಲಿ? 2015ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಈ ಪ್ರಶ್ನೆಗೆ ಉತ್ತರವಾಗಿ ಒಂದು ಪಟ್ಟಿ ಹೊರಡಿಸಿತು. ‘ಬ್ರೇಕಿಂಗ್ ಬ್ಯಾಡ್’ನಲ್ಲಿ ಎರಡನೆಯ ಕಂತು, ‘ಹೌಸ್ ಆಫ್ ಕಾರ್ಡ್ಸ್’ನಲ್ಲಿ ಮೂರನೆಯದು, ‘ಹೌ ಐ ಮೆಟ್ ಯುವರ್ ಮದರ್’ನಲ್ಲಿ ಎಂಟನೆಯದು. ಅಳತೆಗೋಲು ಸರಳವಾಗಿತ್ತು: ಯಾವ ಕಂತನ್ನು ನೋಡಿದವರಲ್ಲಿ ಶೇ 70ರಷ್ಟು ಮಂದಿ ಮೊದಲ ಸೀಸನ್ನನ್ನು ಮುಗಿಸಿದರೋ ಅದೇ ಗಾಳದ ಕಂತು. ಪಟ್ಟಿಯಲ್ಲಿದ್ದ ಒಂದು ಧಾರಾವಾಹಿಯಲ್ಲೂ ಮೊದಲ ಕಂತು ಆ ಗೆರೆ ಮುಟ್ಟಿರಲಿಲ್ಲ. ‘ಮೊದಲ ಕಂತಿಗೆ ಯಾರೂ ಮರುಳಾಗುವುದಿಲ್ಲ’ ಎಂಬ ಅರ್ಥದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಒಂದು ಧಾರಾವಾಹಿಯನ್ನು ಸಾವಿರ ಮಂದಿ ಶುರು ಮಾಡಿದರು, 600 ಮಂದಿ ಮುಗಿಸಿದರು ಎಂದುಕೊಳ್ಳೋಣ. ಮೊದಲ ಕಂತು ನೋಡಿದವರ ಪೈಕಿ ಮುಗಿಸಿದವರು ಶೇ 60. ಎರಡನೆಯ ಕಂತಿಗೆ 900 ಮಂದಿ ಉಳಿದರು; ಅದೇ 600 ಮಂದಿ ಈಗ ಶೇ 67 ಆದರು. ಮೂರನೆಯದಕ್ಕೆ 850 ಮಂದಿ; ಶೇ 70 ದಾಟಿತು. ಮುಗಿಸಿದವರ ಸಂಖ್ಯೆ ಒಂದಿಷ್ಟೂ ಬದಲಾಗಿಲ್ಲ. ಬೇಸರಗೊಂಡವರು ಎದ್ದುಹೋದಂತೆಲ್ಲ ಭಾಗಿಸುವ ಸಂಖ್ಯೆ ಕುಗ್ಗುತ್ತದೆ, ಶೇಕಡಾವಾರು ಏರುತ್ತದೆ, ಅಷ್ಟೇ. ಮೂರನೆಯ ಕಂತು ಎಷ್ಟೇ ನೀರಸವಾಗಿದ್ದರೂ ಈ ಲೆಕ್ಕದಲ್ಲಿ ಅದು ಎರಡನೆಯದಕ್ಕಿಂತ ಕೆಳಗಿಳಿಯಲಾರದು.

ಯಾವುದು ನೋಡುಗರನ್ನು ಉಳಿಸಿಕೊಳ್ಳುತ್ತದೆ ಎಂದು ತಿಳಿಯಬೇಕಾದರೆ, ಒಳಗೆ ಬಂದ ಕ್ಷಣದಲ್ಲೇ ಜನರನ್ನು ಗುಂಪು ಮಾಡಿ, ಆಮೇಲೆ ಯಾರು ಎದ್ದುಹೋದರೂ ಅವರ ಹೆಸರನ್ನು ಪಟ್ಟಿಯಿಂದ ಹೊಡೆಯದೆ ಕೊನೆಯವರೆಗೂ ಎಣಿಸಬೇಕು. ಸಂಖ್ಯಾಶಾಸ್ತ್ರದಲ್ಲಿ ಇಂಥ ಗುಂಪಿಗೆ ಕೋಹಾರ್ಟ್ ಎನ್ನುತ್ತಾರೆ. ವೈದ್ಯಕೀಯದಲ್ಲಿ ಇದು ಹಳೆಯ ವಿದ್ಯೆ. 1951ರಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರ ಧೂಮಪಾನದ ಅಭ್ಯಾಸವನ್ನು ಕೇಳಿದರು. ಉತ್ತರಿಸಿದ ಸುಮಾರು 40,000 ಮಂದಿಯನ್ನು ಅಭ್ಯಾಸಕ್ಕೆ ತಕ್ಕಂತೆ ವಿಂಗಡಿಸಿ, ಯಾರು ಯಾವ ಕಾಯಿಲೆಯಿಂದ ಸತ್ತರು ಎಂಬುದನ್ನು ವರ್ಷಗಟ್ಟಲೆ ಬೆನ್ನುಹತ್ತಿ ದಾಖಲಿಸಿದರು. ಆ ಅಧ್ಯಯನದ ಐವತ್ತು ವರ್ಷಗಳ ವರದಿ ಬಂದದ್ದು 2004ರಲ್ಲಿ. ವಿಡಿಯೊ ಲೋಕದಲ್ಲಿ ಸಿಗರೇಟಿನ ಜಾಗಕ್ಕೆ ಬರುವುದು ಮೊದಲು ನೋಡಿದ ವಿಡಿಯೊ. ಎಣಿಸಬೇಕಾದದ್ದು ಸಾವನ್ನಲ್ಲ, ಮರಳಿ ಬರುವುದನ್ನು.

ಧಾರಾವಾಹಿಗೆ ಒಂದೇ ಬಾಗಿಲು. ಎಲ್ಲರೂ ಮೊದಲ ಕಂತಿನಿಂದಲೇ ಒಳಗೆ ಬರುತ್ತಾರೆ. ಅಡುಗೆ, ಪಾಠ, ಪ್ರವಾಸ, ಕೃಷಿಯ ವಿಡಿಯೊ ಮಾಡುವವರ ಕಥೆ ಹಾಗಲ್ಲ. ಮುನ್ನೂರು ವಿಡಿಯೊ ಇದ್ದರೆ ಮುನ್ನೂರು ಬಾಗಿಲು. ಎಲ್ಲಿಂದ ಬಂದವರು ಉಳಿದರು, ಎಲ್ಲಿಂದ ಬಂದವರು ಇಣುಕಿ ಹೋದರು ಎಂಬ ಪ್ರಶ್ನೆಗೆ ಅರ್ಥ ಬರುವುದು ಇಂಥಲ್ಲೇ.

ಲೆಕ್ಕ ಹಾಕುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಕನ್ನಡದ ಅಡುಗೆ ವಿಡಿಯೊಗಳಿರುವ ಒಂದು ಸ್ವಂತ ಜಾಲತಾಣ ಇದೆ ಎನ್ನೋಣ. ಯಾರು, ಯಾವ ವಿಡಿಯೊವನ್ನು, ಯಾವಾಗ, ಎಷ್ಟು ಹೊತ್ತು ನೋಡಿದರು ಎಂಬ ನಾಲ್ಕೇ ಅಂಕಣಗಳ ದಾಖಲೆ ಅದರ ಬಳಿ ಇದೆ. ಮೊದಲ ಹೆಜ್ಜೆಯಲ್ಲಿ ಪ್ರತಿಯೊಬ್ಬರ ಸಾಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಮೇಲ್ತುದಿಯ ಸಾಲನ್ನು ಎತ್ತಿಕೊಳ್ಳುತ್ತಾರೆ. ಅದೇ ಆ ವ್ಯಕ್ತಿಯ ಪ್ರವೇಶ. ಮೂರು ಸೆಕೆಂಡು ನೋಡಿ ಮುಂದೆ ಹೋದದ್ದೂ ಪ್ರವೇಶವೇ ಎಂಬ ಪ್ರಶ್ನೆ ಇಲ್ಲೇ ಎದುರಾಗುತ್ತದೆ. 30 ಸೆಕೆಂಡು ಎಂದೋ ಬೇರೆಯದೋ ಒಂದು ಮಿತಿ ಗೊತ್ತುಮಾಡಿ, ಎಲ್ಲ ವಿಡಿಯೊಗಳಿಗೂ ಅದನ್ನೇ ಅನ್ವಯಿಸಬೇಕು.

ಎರಡನೆಯ ಹೆಜ್ಜೆ, ‘ಉಳಿದರು’ ಎಂದರೆ ಏನೆಂದು ಮೊದಲೇ ಬರೆದಿಡುವುದು. ನಮ್ಮ ತಾಣದವರು ಹೀಗೆ ಬರೆದುಕೊಂಡಿದ್ದಾರೆ: ಮೊದಲು ನೋಡಿದ ದಿನದಿಂದ 28 ದಿನಗಳ ಒಳಗೆ, ಬೇರೊಂದು ದಿನ ಬಂದು, ಬೇರೆ ಎರಡು ವಿಡಿಯೊಗಳನ್ನಾದರೂ ಅರ್ಧಕ್ಕಿಂತ ಹೆಚ್ಚು ನೋಡಿದವರು ಉಳಿದವರು. ‘ಬೇರೊಂದು ದಿನ’ ಎಂಬ ಷರತ್ತು ಮುಖ್ಯ. ಅದಿಲ್ಲದಿದ್ದರೆ ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಓಡುವ ಆಟೊಪ್ಲೇ ಸೌಲಭ್ಯವೇ ಎಲ್ಲರನ್ನೂ ನಿಷ್ಠಾವಂತ ನೋಡುಗರನ್ನಾಗಿ ಮಾಡಿಬಿಡುತ್ತದೆ. 28 ದಿನ ಎಂದರೆ ಸರಿಯಾಗಿ ನಾಲ್ಕು ವಾರ. ಪ್ರತಿಯೊಬ್ಬರಿಗೂ ನಾಲ್ಕು ಭಾನುವಾರ ಸಿಗುತ್ತವೆ.

ಕಾಲಾವಕಾಶ ಎಲ್ಲರಿಗೂ ಸಮನಾಗಿರಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಮಾರ್ಚ್ 31ರಂದು ಲೆಕ್ಕಕ್ಕೆ ಕುಳಿತರೆ ಜನವರಿಯಲ್ಲಿ ಬಂದವರಿಗೆ ಮರಳಲು ಎರಡು ತಿಂಗಳಿಗೂ ಮೀರಿ ಸಮಯ ಸಿಕ್ಕಿರುತ್ತದೆ, ಮಾರ್ಚ್ 25ಕ್ಕೆ ಬಂದವರಿಗೆ ಒಂದು ವಾರವೂ ಇಲ್ಲ. ಹಾಗೆಯೇ ಎಣಿಸಿದರೆ ಹಳೆಯ ವಿಡಿಯೊಗಳೆಲ್ಲ ಒಳ್ಳೆಯವು, ಹೊಸವೆಲ್ಲ ಸೋತವು ಎಂದು ಕಾಣುತ್ತದೆ. ಆದ್ದರಿಂದ 28 ದಿನ ತುಂಬಿದವರನ್ನು ಮಾತ್ರ ಎಣಿಸುತ್ತಾರೆ, 29ನೆಯ ದಿನ ಬಂದವರನ್ನು ಕೈಬಿಡುತ್ತಾರೆ.

ಇಷ್ಟಾದ ಮೇಲೆ ಜನವರಿಯಲ್ಲಿ ಮೊದಲ ಸಲ ಬಂದವರ ಲೆಕ್ಕ ಹೀಗಿದೆ ಎನ್ನೋಣ. ‘ದಿಢೀರ್ ರವೆ ಇಡ್ಲಿ’ಯಿಂದ ಒಳಬಂದವರು 6,000, ಉಳಿದವರು 360, ಅಂದರೆ ಶೇ 6. ‘ಬಿಸಿಬೇಳೆಬಾತ್ ಪುಡಿ’ಯಿಂದ ಬಂದವರು 2,400, ಉಳಿದವರು 288, ಶೇ 12. ‘ಮೈಸೂರು ಪಾಕ್ ಕಲ್ಲಾಗುವುದೇಕೆ?’ ಎಂಬುದರಿಂದ 900 ಮಂದಿ ಬಂದು 162 ಮಂದಿ ಉಳಿದರು, ಶೇ 18. ‘ಕಬ್ಬಿಣದ ಕಾವಲಿ ಪಳಗಿಸುವುದು’ ನೋಡಿ ಬಂದವರು 40 ಮಂದಿ, ಉಳಿದವರು 12, ಶೇ 30.

ಮೇಲ್ನೋಟಕ್ಕೆ ಕಾವಲಿ ಗೆದ್ದಿದೆ. ಆದರೆ 40 ಮಂದಿಯ ಗುಂಪಿನಲ್ಲಿ ಶೇ 30 ಎಂಬುದಕ್ಕೆ ಗಟ್ಟಿತನವಿಲ್ಲ. ಇಂಥದೇ ಇನ್ನೊಂದು ನಲವತ್ತು ಮಂದಿ ಬಂದಿದ್ದರೆ ಅಂಕಿ ಎಲ್ಲೋ ಇರಬಹುದಿತ್ತು. ಸಂಖ್ಯಾಶಾಸ್ತ್ರದ ರೂಢಿಯ ಲೆಕ್ಕದಲ್ಲಿ ನಿಜವಾದ ದರ ಸುಮಾರು ಶೇ 18ರಿಂದ 45ರ ನಡುವೆ ಎಲ್ಲಿಯಾದರೂ ಇರಬಹುದು. ರವೆ ಇಡ್ಲಿಯ ಶೇ 6 ಹಾಗಲ್ಲ. ಆರು ಸಾವಿರ ಮಂದಿಯ ಬಲವಿರುವುದರಿಂದ ಅದು ಶೇ 5.4ರಿಂದ 6.6ರ ಆಚೀಚೆ ಹೋಗುವ ಸಾಧ್ಯತೆ ಕಡಿಮೆ. ನೂರಾರು ವಿಡಿಯೊಗಳನ್ನು ದರದ ಪ್ರಕಾರ ಸಾಲಾಗಿ ಇಟ್ಟರೆ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಸೇರಿಕೊಳ್ಳುವುದು ಇಂಥ ಪುಟ್ಟ ಗುಂಪುಗಳೇ. ಪಟ್ಟಿಯ ಮೊದಲ ಹತ್ತರಲ್ಲಿ ಬರೀ ಕಡಿಮೆ ನೋಡುಗರಿರುವ ವಿಡಿಯೊಗಳೇ ತುಂಬಿದ್ದರೆ ಅಲ್ಲಿ ಕಾಣುತ್ತಿರುವುದು ಅದೃಷ್ಟ ಎಂದು ತಿಳಿಯಬೇಕು. ಕಾವಲಿಯನ್ನು ಇನ್ನೂ ನಾಲ್ಕು ತಿಂಗಳು ಎಣಿಸಲಿ ಎಂದು ಬದಿಗಿಡುವುದೇ ಸರಿ.

ಉಳಿದ ಮೂರರಲ್ಲಿ ಮೈಸೂರು ಪಾಕ್ ಮುಂದಿದೆ. ಹಾಗಾದರೆ ತಾಣದ ಮುಖಪುಟದ ಮೇಲೆ ಅದನ್ನೇ ಇಡಬೇಕೇ?

ಅವಸರ ಬೇಡ. ಒಬ್ಬರು ಯಾವ ವಿಡಿಯೊದಿಂದ ಬಂದರು ಎನ್ನುವುದರ ಹಿಂದೆ ಅವರು ಯಾವ ದಾರಿಯಿಂದ ಬಂದರು ಎಂಬುದೂ ಅಡಗಿದೆ. ಅಕ್ಕನೋ ಗೆಳತಿಯೋ ‘ಇವರ ಅಡುಗೆ ಚೆನ್ನಾಗಿರುತ್ತದೆ, ನೋಡು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದವರು ಅರ್ಧ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ಬೆಳಿಗ್ಗೆ ಏಳು ಗಂಟೆಗೆ ಮಗುವಿನ ಡಬ್ಬಿಗೆ ಏನಾದರೂ ಬೇಗ ಆಗಬೇಕು ಎಂದು ಗೂಗಲ್‌ನಲ್ಲಿ ‘ರವೆ ಇಡ್ಲಿ’ ಹುಡುಕಿದವರಿಗೆ ಬೇಕಾದದ್ದು ಇಡ್ಲಿ ಮಾತ್ರ. ಇಬ್ಬರೂ ಒಂದೇ ವಿಡಿಯೊ ನೋಡಿದರೂ ಮರಳಿ ಬರುವ ಸಾಧ್ಯತೆ ಒಂದೇ ಅಲ್ಲ.

ನಮ್ಮ ತಾಣದ ಅಂಕಿಗಳನ್ನು ದಾರಿಯ ಪ್ರಕಾರ ಒಡೆದು ನೋಡೋಣ. ಮೈಸೂರು ಪಾಕ್‌ನ 900 ಮಂದಿಯಲ್ಲಿ 500 ಮಂದಿ ವಾಟ್ಸ್‌ಆ್ಯಪ್‌ನಿಂದ ಬಂದವರು; ಅವರಲ್ಲಿ ಉಳಿದವರು 130, ಶೇ 26. ಹುಡುಕಿ ಬಂದ 400 ಮಂದಿಯಲ್ಲಿ ಉಳಿದವರು 32, ಶೇ 8. ರವೆ ಇಡ್ಲಿಗೆ ವಾಟ್ಸ್‌ಆ್ಯಪ್‌ನಿಂದ ಬಂದವರು 300 ಮಂದಿ ಮಾತ್ರ, ಅವರಲ್ಲಿ 81 ಮಂದಿ ಉಳಿದರು, ಶೇ 27. ಹುಡುಕಿ ಬಂದವರು 5,700, ಉಳಿದವರು 279, ಶೇ 4.9. ಬಿಸಿಬೇಳೆಬಾತ್‌ನಲ್ಲಿ ವಾಟ್ಸ್‌ಆ್ಯಪ್‌ನ 800 ಮಂದಿಗೆ 128, ಶೇ 16. ಹುಡುಕಾಟದ 1,600 ಮಂದಿಗೆ 160, ಶೇ 10.

ಚಿತ್ರ ಪೂರ್ತಿ ಬದಲಾಯಿತು. ಗೆಳೆಯರ ಮಾತಿನಿಂದ ಬಂದವರಲ್ಲಿ ಇಡ್ಲಿಯೂ ಮೈಸೂರು ಪಾಕೂ ಸರಿಸಮ. ಮೈಸೂರು ಪಾಕ್‌ನ ಶೇ 18ರ ಬಹುಪಾಲು ಆ ವಿಡಿಯೊದ ಗುಣವಲ್ಲ, ಹಂಚಿಕೊಂಡವರ ಗುಣ. ಹುಡುಕಿ ಬಂದವರಲ್ಲಿ ನೋಡಿದರೆ ಬಿಸಿಬೇಳೆಬಾತ್ ಶೇ 10, ಮೈಸೂರು ಪಾಕ್ ಶೇ 8. ಮೈಸೂರು ಪಾಕ್‌ನ ಹುಡುಕಾಟದ ಗುಂಪು ಚಿಕ್ಕದಾದ್ದರಿಂದ ಈ ಎರಡು ಅಂಕಿಗಳ ಅಂತರವನ್ನು ನಂಬುವಂತಿಲ್ಲ. ಆದರೆ ಇವೆರಡರಿಗೂ ಹೋಲಿಸಿದರೆ ಇಡ್ಲಿ ಹುಡುಕಿ ಬಂದವರು ಕಡಿಮೆ ಉಳಿಯುತ್ತಾರೆ ಎಂಬುದನ್ನು ಧೈರ್ಯವಾಗಿ ಹೇಳಬಹುದು. ಹಬ್ಬದ ಕಾಲವನ್ನೂ ಹೀಗೆಯೇ ಬೇರ್ಪಡಿಸಬೇಕಾಗುತ್ತದೆ. ದೀಪಾವಳಿಯ ವಾರದಲ್ಲಿ ಮೈಸೂರು ಪಾಕ್ ಹುಡುಕಿದವರು ಮುಂದಿನ ತಿಂಗಳು ಸಿಹಿಯ ಸುದ್ದಿಗೇ ಬಾರದಿರಬಹುದು.

ಇನ್ನೊಂದು ಎಡವಟ್ಟು ಇದಕ್ಕಿಂತ ಬುಡದಲ್ಲಿದೆ. ‘ಮೊದಲ ವಿಡಿಯೊ’ ಎಂದರೆ ದಾಖಲೆಯಲ್ಲಿರುವ ಮೊದಲ ವಿಡಿಯೊ. ಆ ಮನುಷ್ಯ ನೋಡಿದ ಮೊದಲನೆಯದೇ ಆಗಿರಬೇಕೆಂದಿಲ್ಲ. ತಾಣ ಐದು ವರ್ಷ ಹಳೆಯದು, ದಾಖಲೆ ಶುರುವಾದದ್ದು ಕಳೆದ ವರ್ಷ ಎಂದಾದರೆ, ಮೊದಲ ವಾರಗಳಲ್ಲಿ ಹಳೆಯ ಅಭಿಮಾನಿಗಳೆಲ್ಲ ಹೊಸಬರ ವೇಷದಲ್ಲಿ ಬರುತ್ತಾರೆ. ಫೋನ್ ಬದಲಿಸಿದವರೂ ಹೊಸಬರೇ. ಲಾಗಿನ್ ಇಲ್ಲದ ತಾಣಗಳು ಬ್ರೌಸರ್‌ನಲ್ಲಿ ಇಡುವ ಕುಕಿ ಎಂಬ ಗುರುತುಚೀಟಿಯನ್ನು ನಂಬಿರುತ್ತವೆ. ಆ್ಯಪಲ್‌ನ ಸಫಾರಿ ಬ್ರೌಸರ್ 2019ರಿಂದ ಪುಟದ ಸ್ಕ್ರಿಪ್ಟ್ ಬರೆದ ಕುಕಿಗಳನ್ನು ಏಳು ದಿನಗಳಿಗೆ ಅಳಿಸುತ್ತಿದೆ. ಐಫೋನ್‌ನಲ್ಲಿ ಹತ್ತನೆಯ ದಿನ ಮರಳಿ ಬಂದವರು ಮರಳಿದವರಾಗಿ ಕಾಣುವುದಿಲ್ಲ; ಇನ್ನೊಂದು ವಿಡಿಯೊದ ಮೂಲಕ ಹೊಸದಾಗಿ ಬಂದವರಾಗಿ ಕಾಣುತ್ತಾರೆ. ಇದಕ್ಕೆ ತದ್ವಿರುದ್ಧವಾದ ತೊಡಕು ನಮ್ಮ ಮನೆಗಳದು. ಒಂದೇ ಟಿವಿ, ಒಂದೇ ಖಾತೆ. ಅಜ್ಜಿಯ ಮೊದಲ ವಿಡಿಯೊ ಮತ್ತು ಮೊಮ್ಮಗನ ಎರಡನೆಯ ವಿಡಿಯೊ ಒಬ್ಬರೇ ನೋಡಿದಂತೆ ದಾಖಲಾಗುತ್ತವೆ.

ಈ ಕೊಳೆ ಸೇರಿದೆಯೇ ಎಂದು ಪತ್ತೆಹಚ್ಚಲು ಒಂದು ಒಳ್ಳೆಯ ಗುರುತಿದೆ. ಪ್ರವೇಶದ ಪಟ್ಟಿಯಲ್ಲಿ ‘ಭಾಗ 7’ ಎಂಬಂಥ ವಿಡಿಯೊಗಳು ಮೇಲೆ ಬಂದು ಕುಳಿತಿದ್ದರೆ, ಅಥವಾ ಯಾವ ತಿಂಗಳು ನೋಡಿದರೂ ಆಗಷ್ಟೇ ಹಾಕಿದ ವಿಡಿಯೊವೇ ಅತಿ ಹೆಚ್ಚು ಮಂದಿಯನ್ನು ಉಳಿಸಿಕೊಂಡಂತೆ ಕಂಡರೆ ಅನುಮಾನಿಸಬೇಕು. ಹೊಸ ವಿಡಿಯೊದ ಸೂಚನೆ ಬಂದ ಕೂಡಲೇ ಓಡಿಬರುವವರು ಹಳಬರು. ಗುರುತುಚೀಟಿ ಕಳೆದುಕೊಂಡ ಹಳಬರನ್ನು ಹೊಸಬರೆಂದು ಎಣಿಸಿದಾಗ ಹೀಗಾಗುತ್ತದೆ. ದಾಖಲೆಯ ಮೊದಲ ಮೂರು ತಿಂಗಳನ್ನು ಹಳಬರನ್ನು ಗುರುತಿಸಲು ಮಾತ್ರ ಬಳಸಿ, ಆ ಅವಧಿಯಲ್ಲಿ ಕಾಣಿಸದೆ ಆಮೇಲೆ ಬಂದವರನ್ನಷ್ಟೇ ಹೊಸಬರೆನ್ನುವುದು ರೂಢಿಯ ಪರಿಹಾರ. ಲಾಗಿನ್ ಆದವರ ಲೆಕ್ಕವನ್ನು ಬೇರೆಯಾಗಿ ಹಾಕಿ, ಎರಡೂ ಪಟ್ಟಿಗಳಲ್ಲಿ ವಿಡಿಯೊಗಳ ಕ್ರಮ ಒಂದೇ ಇದೆಯೇ ಎಂದು ನೋಡುವುದು ಇನ್ನೊಂದು.

ಇಷ್ಟೆಲ್ಲ ತೊಳೆದು ಸೋಸಿದ ಮೇಲೂ ಒಂದು ಸಂದೇಹ ಉಳಿಯುತ್ತದೆ. ಬಿಸಿಬೇಳೆಬಾತ್ ಪುಡಿಯನ್ನು ಮನೆಯಲ್ಲೇ ಮಾಡಬೇಕು ಎಂದು ಹುಡುಕುವವರು ಅಡುಗೆಯಲ್ಲಿ ಮೊದಲೇ ಆಸಕ್ತಿ ಇರುವವರು. ವಿಡಿಯೊ ಅವರನ್ನು ಉಳಿಸಿಕೊಂಡಿತೋ, ಉಳಿಯುವಂಥವರೇ ಅದನ್ನು ಆರಿಸಿಕೊಂಡರೋ? ನೋಡುಗರೇ ಆರಿಸಿದ ಗುಂಪುಗಳಲ್ಲಿ ಇದನ್ನು ಬಿಡಿಸಿ ಹೇಳಲಾಗದು. ಆಯ್ಕೆಯನ್ನು ಅವರ ಕೈಯಿಂದ ತೆಗೆದು ಚೀಟಿ ಎತ್ತಬೇಕು.

2019ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್ ಅಂಥದೊಂದನ್ನು ಎಲ್ಲರ ಕಣ್ಣೆದುರೇ ಮಾಡಿತು. ಟಿಮ್ ಮಿಲ್ಲರ್ ರೂಪಿಸಿದ ‘ಲವ್, ಡೆತ್ ಆ್ಯಂಡ್ ರೋಬಾಟ್ಸ್’ ಒಂದಕ್ಕೊಂದು ಸಂಬಂಧವಿಲ್ಲದ 18 ಕಿರು ಅನಿಮೇಷನ್ ಚಿತ್ರಗಳ ಗುಚ್ಛ. ಯಾವುದನ್ನು ಮೊದಲು ನೋಡಿದರೂ ಕಥೆ ಕೆಡುವುದಿಲ್ಲ. ಒಬ್ಬರ ಪರದೆಯಲ್ಲಿ ಒಂದು ಚಿತ್ರ ಮೊದಲು ಬಂದರೆ ಇನ್ನೊಬ್ಬರಿಗೆ ಬೇರೆಯದು ಬರುತ್ತಿದೆ ಎಂಬುದು ನೋಡುಗರ ಗಮನಕ್ಕೆ ಬಂತು. ನಮ್ಮ ಲೈಂಗಿಕ ಒಲವನ್ನು ಊಹಿಸಿ ಕ್ರಮ ಬದಲಿಸುತ್ತಿದ್ದಾರೆಯೇ ಎಂಬ ಅನುಮಾನವೂ ಹುಟ್ಟಿತು. ನಾಲ್ಕು ಬಗೆಯ ಕ್ರಮಗಳನ್ನು ಪ್ರಯತ್ನಿಸುತ್ತಿದ್ದೇವೆ, ಲಿಂಗ, ಜನಾಂಗ, ಲೈಂಗಿಕ ಒಲವುಗಳಿಗೂ ಅದಕ್ಕೂ ಸಂಬಂಧವಿಲ್ಲ, ಆ ಮಾಹಿತಿ ನಮ್ಮ ಬಳಿ ಇಲ್ಲವೇ ಇಲ್ಲ ಎಂದು ಕಂಪನಿ ಸ್ಪಷ್ಟಪಡಿಸಿತು. ಒಲವು, ಆಸಕ್ತಿಗಳನ್ನು ನೋಡದೆ ಹಂಚಿದಾಗ ಎಲ್ಲ ಗುಂಪುಗಳಲ್ಲೂ ಎಲ್ಲ ಬಗೆಯ ಜನ ಹದವಾಗಿ ಬೆರೆತಿರುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸವನ್ನು ಕ್ರಮದ ತಲೆಗೆ ಕಟ್ಟಬಹುದು.

ಅಡುಗೆಯ ತಾಣವೂ ಇದನ್ನು ಮಾಡಬಹುದು. ಮುಖಪುಟಕ್ಕೆ ಹೊಸದಾಗಿ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಮೇಲ್ಗಡೆ ಇಡ್ಲಿ, ಉಳಿದರ್ಧಕ್ಕೆ ಬಿಸಿಬೇಳೆಬಾತ್. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ನಾಣ್ಯ ಚಿಮ್ಮಿದಂತೆ ನಿರ್ಧರಿಸುತ್ತದೆ. ಎಣಿಸುವಾಗ ಒಂದು ಎಚ್ಚರ ಬೇಕು: ವಿಡಿಯೊ ಒತ್ತಿದವರನ್ನು ಮಾತ್ರವಲ್ಲ, ಅದನ್ನು ತೋರಿಸಲಾದ ಎಲ್ಲರನ್ನೂ ಗುಂಪಿಗೆ ಸೇರಿಸಬೇಕು. ಸಾವಿರ ಮಂದಿಗೆ ಇಡ್ಲಿ ತೋರಿಸಿದಾಗ 120 ಮಂದಿ ಒತ್ತಿ, ಅವರಲ್ಲಿ ಶೇ 5 ಉಳಿದರೆ ಕೈಗೆ ಬಂದವರು ಆರು. ಸಾವಿರ ಮಂದಿಗೆ ಬಿಸಿಬೇಳೆಬಾತ್ ತೋರಿಸಿದಾಗ 60 ಮಂದಿ ಒತ್ತಿ, ಶೇ 10 ಉಳಿದರೆ ಆಗಲೂ ಆರೇ. ಉಳಿಸಿಕೊಳ್ಳುವ ಶಕ್ತಿ ಎರಡರಷ್ಟಿದ್ದರೂ ಕರೆಯುವ ಶಕ್ತಿ ಅರ್ಧದಷ್ಟಿದ್ದರೆ ಬಾಗಿಲಾಗಿ ಎರಡೂ ಒಂದೇ. ಇಂಥ ಫಲಿತಾಂಶ ಬಂದಾಗ ವಿಡಿಯೊ ಬದಲಿಸುವ ಬದಲು ಬಿಸಿಬೇಳೆಬಾತ್‌ನ ಶೀರ್ಷಿಕೆ, ಮುಖಚಿತ್ರಗಳ ಮೇಲೆ ಕೆಲಸ ಮಾಡುವುದು ಲಾಭದಾಯಕ.

ಈ ಪರೀಕ್ಷೆ ಸಣ್ಣವರಿಗೆ ದುಬಾರಿ ಎಂಬುದೂ ನಿಜ. ಸಾವಿರಕ್ಕೆ ಆರು ಇದ್ದದ್ದು ಒಂಬತ್ತಾಯಿತೇ ಎಂದು ಭರವಸೆಯಿಂದ ಹೇಳಲು ಪ್ರತಿ ಗುಂಪಿಗೂ ಸುಮಾರು 13,000 ಮಂದಿ ಬೇಕಾಗುತ್ತಾರೆ. ದಿನಕ್ಕೆ ನೂರು ಹೊಸಬರು ಬರುವ ತಾಣಕ್ಕೆ ಅದು ಎಂಟೊಂಬತ್ತು ತಿಂಗಳ ಮಾತು.

ಕನ್ನಡದಲ್ಲಿ ವಿಡಿಯೊ ಮಾಡುವ ಬಹುತೇಕರ ಮನೆ ಸ್ವಂತ ತಾಣವಲ್ಲ, ಯೂಟ್ಯೂಬ್. ಯೂಟ್ಯೂಬ್ ಯಾವೊಬ್ಬ ನೋಡುಗನ ಸಾಲನ್ನೂ ಚಾನೆಲ್‌ನವರಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮೇಲಿನ ಲೆಕ್ಕ ಅಲ್ಲಿ ಹಾಗೆಯೇ ನಡೆಯದು. ಒಟ್ಟು ಅಂಕಿಗಳಲ್ಲೇ ತೃಪ್ತಿಪಡಬೇಕು. ಯೂಟ್ಯೂಬ್ ಸ್ಟುಡಿಯೊದ ಪ್ರೇಕ್ಷಕರ ಪುಟದಲ್ಲಿ ಹೊಸ ನೋಡುಗರು ಎಷ್ಟು, ಮತ್ತೆ ಮತ್ತೆ ಬರುವವರು ಎಷ್ಟು ಎಂಬ ವಿಂಗಡಣೆ ಸಿಗುತ್ತದೆ. ಪ್ರತಿ ವಿಡಿಯೊಗೂ ನೋಡುಗರು ಹುಡುಕಾಟದಿಂದ ಬಂದರೋ, ಶಿಫಾರಸಿನಿಂದಲೋ, ಹೊರಗಿನ ಲಿಂಕ್‌ನಿಂದಲೋ ಎಂಬುದು ಪ್ರತ್ಯೇಕವಾಗಿ ಸಿಗುತ್ತದೆ. ಆ ವಿಡಿಯೊದಿಂದ ಎಷ್ಟು ಚಂದಾದಾರರು ಸೇರಿದರು ಎಂಬುದೂ ಸಿಗುತ್ತದೆ. ಚಂದಾದಾರರಾಗುವುದು ಮರಳಿ ಬರುವುದಕ್ಕೆ ಸಮನಲ್ಲ. ಗುಂಡಿ ಒತ್ತಿ ಮರೆತವರು ಎಲ್ಲ ಚಾನೆಲ್‌ಗಳಲ್ಲೂ ಇದ್ದಾರೆ. ಆದರೂ ಒಂದೇ ದಾರಿಯಿಂದ ಬಹುಪಾಲು ನೋಟ ಗಳಿಸಿದ ವಿಡಿಯೊಗಳನ್ನು ಪಕ್ಕಪಕ್ಕ ಇಟ್ಟು, ಸಾವಿರ ನೋಟಕ್ಕೆ ಎಷ್ಟು ಚಂದಾದಾರರು ಎಂದು ಹೋಲಿಸಿದರೆ ಒರಟು ಅಂದಾಜು ಸಿಗುತ್ತದೆ.

ಅಂದಾಜನ್ನು ಬಳಸಲು ಯೂಟ್ಯೂಬ್‌ನಲ್ಲಿ ಎರಡು ಜಾಗಗಳಿವೆ. ಚಂದಾದಾರರಲ್ಲದವರು ಚಾನೆಲ್ ತೆರೆದಾಗ ಮೇಲ್ಗಡೆ ಯಾವ ವಿಡಿಯೊ ಕಾಣಬೇಕೆಂದು ಚಾನೆಲ್‌ನವರೇ ಗೊತ್ತುಮಾಡಬಹುದು. ಹೊಸಬರನ್ನು ಹೆಚ್ಚು ಉಳಿಸಿಕೊಳ್ಳುವ ವಿಡಿಯೊಗೆ ಅದು ಸಹಜವಾದ ಜಾಗ. ಎರಡನೆಯದು ಪ್ರತಿ ವಿಡಿಯೊದ ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಬೇರೆ ವಿಡಿಯೊಗಳನ್ನು ತೋರಿಸುವ ಅಂತ್ಯಪರದೆ. ಸ್ವಂತ ತಾಣದಲ್ಲೂ ಇಂಥದೊಂದನ್ನು ಕೂರಿಸಬಹುದು, ಮತ್ತು ಇದರ ಹೆಚ್ಚಿನ ಉಪಯೋಗ ಇರುವುದು ಜನ ತುಂಬ ಬಂದು ಕಡಿಮೆ ಉಳಿಯುವ ಕಡೆ. ರವೆ ಇಡ್ಲಿ ಹುಡುಕಿ ಬಂದ 5,700 ಮಂದಿಯ ದರ ಶೇ 4.9ರಿಂದ ಶೇ 6ಕ್ಕೆ ಏರಿದರೂ 63 ಮಂದಿ ಹೆಚ್ಚಾಗಿ ಉಳಿಯುತ್ತಾರೆ. ಮೈಸೂರು ಪಾಕ್ ಹುಡುಕಿ ಬಂದು ಉಳಿದ ಒಟ್ಟು ಮಂದಿಯ ಸುಮಾರು ಎರಡರಷ್ಟು ಅದು. ಇಡ್ಲಿಯ ಕೊನೆಯಲ್ಲಿ ಅದರ ಜತೆಗೆ ಬಡಿಸುವ ಕಾಯಿ ಚಟ್ನಿಯ ವಿಡಿಯೊ ಜೋಡಿಸಿ, ಬೇರೇನನ್ನೂ ಬದಲಿಸದೆ ಫೆಬ್ರುವರಿಯ ಹೊಸಬರನ್ನು ಅದೇ ನಿಯಮದಲ್ಲಿ ಎಣಿಸಬೇಕು. ಫೆಬ್ರುವರಿ 28ಕ್ಕೆ ಬಂದವರಿಗೆ 28 ದಿನ ತುಂಬುವುದು ಮಾರ್ಚ್ 28ಕ್ಕೆ. ಜನವರಿಯ ಅಂಕಿಯ ಪಕ್ಕದಲ್ಲಿ ಇಡಬಹುದಾದ ಅಂಕಿ ಸಿಗುವುದು ಆಮೇಲೆಯೇ.